ಹರಿಯುವ ನೀರು, ಹರಿದ ನೀರು

ಈ ಸಲ ಕಥೆ, ಕವನ, ಸಿನಿಮಾ ಯಾವುದೂ ಅಲ್ಲ. ನೀರಿನ ಬಗ್ಗೆ ಬರೀತಿದ್ದೀನಿ. ಕಾವೇರಿ ನೀರೂ ಅಲ್ಲ, ಬೋರ್‌ವೆಲ್ ನೀರೂ ಅಲ್ಲ, ವಿಡಿಯೋ ಗೇಮ್‌ನ ಒಳಗೆ ಅಲ್ಲಾಡುವ ನೀಲಿ ಚೌಕದ ನೀರು. "ಇವನಿಗೆ ಬೇರೆ ಕೆಲಸ ಇಲ್ವಾ" ಅಂದುಕೊಳ್ಳುವವರು ಅಂದುಕೊಳ್ಳಿ, ಆದರೆ ಕೊನೆ ತನಕ ಓದಿ :)

ಆಗಿದ್ದು ಇಷ್ಟು. ನಮ್ಮ ಮನೆ ಚಂದ್ರಾ ಲೇಔಟ್‌ನಲ್ಲಿ. ರಜೆಗೆ ಬಂದ ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಶಾಲೆಯಲ್ಲಿ ಪೈಥಾನ್ ಕಲಿತಿದ್ದಾಳೆ. ಒಂದು ಭಾನುವಾರ ಅವಳನ್ನು ಮಲ್ಲತ್ತಹಳ್ಳಿ ಕೆರೆ ಕಡೆ ಸುತ್ತಾಡಿಸಿಕೊಂಡು ಬಂದಿದ್ದೇ ತಡ, ಕೆರೆ ಇರುವ ಒಂದು ಊರಿನ ಗೇಮ್ ಮಾಡ್ತೀನಿ ಅಂತ ಕೂತಳು. ಕೆರೆ, ಏರಿ, ತೂಬು, ತೂಬಿನಿಂದ ಹೊರಟ ಕಾಲುವೆ, ಆಚೆ ಗದ್ದೆ. ಚಿತ್ರ ಚೆನ್ನಾಗೇ ಬಿಡಿಸಿದ್ದಳು. ಮೂರನೇ ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದಳು.

"ಮಾಮ, ನೀರು ಹರಿದುಹೋಗ್ತಿದೆ."

"ಕಾಲುವೆ ಅಂದ್ಮೇಲೆ ನೀರು ಹರೀಲೇಬೇಕಲ್ಲ ಪುಟ್ಟಿ?"

"ಅಯ್ಯೋ ಆ ಹರಿಯೋದಲ್ಲ ಮಾಮ, ಬಟ್ಟೆ ಹರಿಯತ್ತಲ್ಲ, ಹಾಗೆ!"

ನೋಡಿದರೆ ಅವಳು ಹೇಳಿದ್ದು ಸರಿಯಾಗಿತ್ತು. ಕೆರೆಯ ಮಧ್ಯೆ ಮೇಲಿಂದ ಕೆಳಗೆ ಒಂದು ಗೆರೆ. ಗೆರೆಯ ಎಡಗಡೆ ಅಲೆ ಒಂದು ಥರ, ಬಲಗಡೆ ಇನ್ನೊಂದು ಥರ. ಗೇಮ್‌ನ ಹುಡುಗ ಸ್ವಲ್ಪ ನಡೆದರೆ ಇನ್ನೊಂದು ಗೆರೆ, ಮತ್ತೆ ನಡೆದರೆ ಮತ್ತೊಂದು. ನೀಲಿ ತೇಪೆ ಹಾಕಿದ ಕೌದಿ ಥರ ಕಾಣುತ್ತಿತ್ತು ಕೆರೆ. ತನಗೆ ಚಿತ್ರ ಬಿಡಿಸೋಕೆ ಬರಲ್ಲ ಅಂತ ತೀರ್ಮಾನ ಮಾಡಿಕೊಂಡು ಪಾಪ ಮೂರು ಸಲ ನೀರಿನ ಚಿತ್ರ ಅಳಿಸಿ ಬಿಡಿಸಿದ್ದಳು. ಕೊನೆಗೆ "ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿಬಿಡ್ತೀನಿ" ಅಂದಳು. ಬೆಂಗಳೂರಿನವರಿಗೆ ಇದು ಹೊಸ ವಿದ್ಯೆ ಅಲ್ಲ ಬಿಡಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಆದರೆ ಒಂಬತ್ತನೇ ಕ್ಲಾಸಿನ ಹುಡುಗಿ ತನ್ನ ಕೆರೆಯನ್ನು ತಾನೇ ಮುಚ್ಚುವುದು ನನಗೆ ಸರಿ ಕಾಣಲಿಲ್ಲ. ತಪ್ಪು ಚಿತ್ರದ್ದಲ್ಲ, ಗಡಿಯಾರದ್ದು ಅಂತ ಅವಳಿಗೆ ತೋರಿಸಬೇಕಿತ್ತು. ಅದಕ್ಕೆ ನಾನು ಹಿಂದಕ್ಕೆ ಹೋಗಿ ಹಳೇ ಗೇಮ್‌ಗಳನ್ನು ಕೆದಕಬೇಕಾಯಿತು. ಆ ಕೆದಕಾಟದ ಕಥೆ ಇದು.

ಮೊದಲು ಟೈಲ್ ಅಂದರೇನು ಅಂತ ಗೊತ್ತಿಲ್ಲದವರಿಗೆ. ಬಚ್ಚಲಮನೆ ಗೋಡೆ ನೆನಪಿಸಿಕೊಳ್ಳಿ. ಗೋಡೆ ದೊಡ್ಡದು, ಆದರೆ ಟೈಲ್ಸ್ ಅಂಗಡಿಯಿಂದ ತಂದ ಡಿಸೈನು ಮೂರೋ ನಾಲ್ಕೋ. ಹಳೇ ಗೇಮ್‌ಗಳೂ ಹಾಗೇ. ಹುಲ್ಲಿನ ಒಂದು ಚೌಕ, ನೀರಿನ ಒಂದು ಚೌಕ, ಗೋಡೆಯ ಒಂದು ಚೌಕ. ಊರಿನ ನಕ್ಷೆ ಅಂದರೆ ಬರೀ ಅಂಕಿಗಳ ಕೋಷ್ಟಕ, ಈ ಮನೆಯಲ್ಲಿ 3ನೇ ಚೌಕ, ಆ ಮನೆಯಲ್ಲಿ 20ನೇ ಚೌಕ ಅಂತ. ಕೆರೆಯಲ್ಲಿ ಇನ್ನೂರು ಮನೆ ಇದ್ದರೂ ನೀರಿನ ಚಿತ್ರ ಇರುವುದು ಒಂದೇ. ಈ "ಒಂದೇ" ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲಾ ಅದರ ಮೇಲೇ ನಿಂತಿದೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಗಂಟೆ ಲೆಕ್ಕದಲ್ಲಿ ವಿಡಿಯೋ ಗೇಮ್ ಆಡಿಸುವ ಅಂಗಡಿಗಳಿದ್ದವು. ನಿಂಟೆಂಡೋ ಡಬ್ಬಿಯ ನಕಲುಗಳು, ಅದರ ಮೇಲೆ ಒಂದು ಕ್ಯಾಸೆಟ್, ಕ್ಯಾಸೆಟ್ ಮೇಲೆ "9999999 ಗೇಮ್" ಅಂತ ಹಸಿ ಸುಳ್ಳು. ನಾವು ಆಡುತ್ತಿದ್ದದ್ದು ಒಂದೇ, ಮಾರಿಯೋ. ಸರದಿಗೆ ಕಾಯುತ್ತಾ ನಿಂತಾಗ ನಾನು ಗಮನಿಸಿದ್ದ ಒಂದು ಸಂಗತಿ ಅಂದರೆ, ಪ್ರಶ್ನಾರ್ಥಕ ಚಿಹ್ನೆಯ ಹಳದಿ ಡಬ್ಬಗಳೆಲ್ಲಾ ಒಟ್ಟಿಗೇ ಮಿನುಗುತ್ತವೆ. ಒಂದು ಮಂಕಾದರೆ ಎಲ್ಲವೂ ಮಂಕು. ಆಗ ಅದು ಮ್ಯಾಜಿಕ್ ಅನ್ನಿಸಿತ್ತು. ಈಗ ಗೊತ್ತು, ಅದು ಬಡತನ.

ಸೂಪರ್ ಮಾರಿಯೋ ಬ್ರದರ್ಸ್ ಬಂದದ್ದು 1985ರಲ್ಲಿ. ಅದರಲ್ಲಿ ಆ ಡಬ್ಬದ ಚಿತ್ರ ಬದಲಾಗುವುದೇ ಇಲ್ಲ, ಬದಲಾಗುವುದು ಬಣ್ಣ ಮಾತ್ರ. ಡಬ್ಬಕ್ಕೂ ನಾಣ್ಯಕ್ಕೂ ಸೇರಿ ಬಣ್ಣದ ಒಂದು ಪುಟ್ಟ ತಟ್ಟೆ ಇದೆ. ಆ ತಟ್ಟೆಯ ಒಂದು ಗುಂಡಿಯಲ್ಲಿರುವ ಬಣ್ಣವನ್ನು ಗೇಮ್ ಪ್ರತಿ 8 ಫ್ರೇಮಿಗೊಮ್ಮೆ ಬದಲಿಸುತ್ತದೆ. ಬದಲಿಸುವ ಪಟ್ಟಿಯಲ್ಲಿ ಆರು ಬಣ್ಣಗಳಿವೆ. ಯಂತ್ರದ ಬಣ್ಣದ ಸಂಖ್ಯೆಗಳಲ್ಲಿ ಬರೆದರೆ ಹೀಗೆ:

```
$27, $27, $27, $17, $07, $17
```

ಮೊದಲ ಮೂರೂ ಒಂದೇ ನೋಡಿ! ಉಜ್ವಲ ಬಣ್ಣ ಹೆಚ್ಚು ಹೊತ್ತು ಇರಲಿ, ಮಂಕು ಬಣ್ಣ ಬೇಗ ಹೋಗಲಿ ಅಂತ ಅವರಿಗೆ ಬೇಕಿತ್ತು. "ಈ ಬಣ್ಣ ಇಷ್ಟು ಹೊತ್ತು" ಅಂತ ಬರೆದಿಡಲು ಇನ್ನೊಂದು ಪಟ್ಟಿ ಬೇಕು, ಅದಕ್ಕೆ ಜಾಗ ಬೇಕು. ಅದರ ಬದಲು ಅದೇ ಬಣ್ಣವನ್ನು ಮೂರು ಸಲ ಬರೆದುಬಿಟ್ಟರು. 24 ಫ್ರೇಮ್ ಉಜ್ವಲ, ಆಮೇಲೆ ಎಂಟೆಂಟರ ಮೂರು ಮೆಟ್ಟಿಲು, ಒಟ್ಟು 48 ಫ್ರೇಮ್. ಸೆಕೆಂಡಿಗೆ 60 ಫ್ರೇಮಿನ ಲೆಕ್ಕದಲ್ಲಿ 0.8 ಸೆಕೆಂಡ್. ಒಂದೊಂದು ಹಂತಕ್ಕೆ ಬೇರೆ ಬೇರೆ ಅವಧಿ ಕೊಡುವ ವಿದ್ಯೆ ಇಲ್ಲೇ ಇದೆ, ಅವಧಿ ಅನ್ನುವ ಪದ ಮಾತ್ರ ಇಲ್ಲ. ತಾಳ ಹಾಕುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ ಅಂದುಕೊಳ್ಳುತ್ತೇನೆ, ಅಕ್ಷರ ಒಂದೇ, ಕಾರ್ವೆ ಉದ್ದ.

ಈಗ ನೀರಿಗೆ ಬರೋಣ. ನೀರಿನ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಗೇಮ್ ಬಾಯ್‌ನ ಪೋಕೆಮಾನ್ ರೆಡ್. ಜಪಾನಿನಲ್ಲಿ 1996ರಲ್ಲಿ ಬಂದ ಆಟ. ಪ್ರೆಟ್ ಎಂಬ ಹವ್ಯಾಸಿಗಳ ಗುಂಪು ಈ ಆಟದ ಒಳಗನ್ನೆಲ್ಲಾ ಬಿಚ್ಚಿ, ಓದುವಂಥ ಅಸೆಂಬ್ಲಿ ಕೋಡ್ ಮಾಡಿ ಇಟ್ಟಿದೆ. ಅದರಲ್ಲಿ `UpdateMovingBgTiles` ಎಂಬ ಒಂದು ತುಂಡಿದೆ (ಹೆಸರು ಹವ್ಯಾಸಿಗಳು ಇಟ್ಟದ್ದು). ಒಂದು ಪುಟದಷ್ಟೂ ಇಲ್ಲ, ನೀರಿನ ಸಂಸಾರವೆಲ್ಲಾ ಅದರಲ್ಲೇ.

ಗೇಮ್ ಬಾಯ್ ಪರದೆಯಲ್ಲಿ ಅಡ್ಡಕ್ಕೆ 20, ಉದ್ದಕ್ಕೆ 18, ಅಂದರೆ 360 ಟೈಲ್ ಕಾಣುತ್ತವೆ. ಒಂದೊಂದು ಟೈಲ್ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರ, ಮೆಮೊರಿಯಲ್ಲಿ 16 ಬೈಟ್. ಹುಡುಗ ಸಮುದ್ರದಲ್ಲಿ ಈಜುತ್ತಿದ್ದಾನೆ, ಪರದೆ ತುಂಬಾ ನೀರು ಅಂದುಕೊಳ್ಳಿ. ನಕ್ಷೆಯಲ್ಲಿ ಆ 360 ಮನೆಗಳ ಅಂಕಿಯನ್ನೂ ಬದಲಿಸುತ್ತಾ ಕೂತರೆ ಏನಾಗುತ್ತದೆ? ಪರದೆ ಬರೆಯುತ್ತಿರುವಾಗ ಚಿತ್ರದ ಮೆಮೊರಿಯನ್ನು ಮನಸ್ಸಿಗೆ ಬಂದ ಹಾಗೆ ಮುಟ್ಟುವಂತಿಲ್ಲ. ನೆಮ್ಮದಿಯಾಗಿ ಮುಟ್ಟಲು ಸಿಗುವುದು ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಣ್ಣ ಬಿಡುವು, ಅದರಲ್ಲಿ ಸಿಗುವುದು 1140 ಸೈಕಲ್. ಒಂದು ಬೈಟ್ ಓದಿ ಬದಲಿಸಿ ಬರೆಯುವ ಸರಳ ಲೂಪಿಗೆ 9 ಸೈಕಲ್ ಬೇಕು. 360 ಸಲ ಅಂದರೆ 3240. ಬಿಡುವಿನ ಮೂರು ಪಟ್ಟು ಹತ್ತಿರ. ಆಗದ ಮಾತು.

ಅವರು ನಕ್ಷೆಯನ್ನು ಮುಟ್ಟಲೇ ಇಲ್ಲ. ನೀರಿನ ಚಿತ್ರ ಇರುವುದು ಒಂದೇ ಅಲ್ಲವಾ? ಅದನ್ನೇ ಅಲ್ಲಾಡಿಸಿದರು.

```
.right
    ld a, [hl]
    rrca
    ld [hli], a
    dec c
    jr nz, .right
```

ಇಷ್ಟೇ. 16 ಬೈಟ್‌ಗಳಲ್ಲಿ ಒಂದೊಂದನ್ನೇ ಎತ್ತಿಕೊಂಡು, ಒಂದು ಚುಕ್ಕಿ ಬಲಕ್ಕೆ ತಳ್ಳಿ, ಬಲ ಅಂಚಿನಿಂದ ಬಿದ್ದ ಚುಕ್ಕಿಯನ್ನು ಎಡಕ್ಕೆ ತಂದು ಸೇರಿಸಿ, ವಾಪಸ್ ಇಡುವುದು. 16 ಸಲ 9, ಅಂದರೆ 144 ಸೈಕಲ್‌ನಲ್ಲಿ ಕೆಲಸ ಮುಗಿಯಿತು. ಕೆರೆ ಎಷ್ಟೇ ದೊಡ್ಡದಿರಲಿ, ಖರ್ಚು ಅಷ್ಟೇ. ನಾಲ್ಕು ಸಲ ಬಲಕ್ಕೆ, ನಾಲ್ಕು ಸಲ ಎಡಕ್ಕೆ. ಅಲೆ ತೂಗಾಡಿದ ಹಾಗೆ ಕಾಣುತ್ತದೆ. ಬೇರೆ ಚಿತ್ರವೇ ಬೇಡ, ಎಂಟು ಹೆಜ್ಜೆಯಾದ ಮೇಲೆ ಮೊದಲಿನ ಚಿತ್ರ ತಾನಾಗೇ ಬಂದಿರುತ್ತದೆ, ಏಕೆಂದರೆ ಯಾವ ಚುಕ್ಕಿಯೂ ಕಳೆದುಹೋಗಿಲ್ಲ. ನೀರಿಗೆ ಇದು ಒಪ್ಪುತ್ತದೆ, ಮನೆ ಬಾಗಿಲಿಗೆ ಒಪ್ಪುವುದಿಲ್ಲ :)

ಇನ್ನು ಗಡಿಯಾರ. ಇಲ್ಲಿ ಎರಡು ಎಣಿಕೆಗಳಿವೆ. ಮೊದಲನೆಯದು ಪ್ರತಿ ಫ್ರೇಮಿಗೆ ಒಂದು ಏರುತ್ತದೆ. 20 ಆದಾಗ ನೀರನ್ನು ತಳ್ಳುತ್ತದೆ, 21 ಆದಾಗ ಹೂವನ್ನು ಬದಲಿಸಿ ಸೊನ್ನೆಗೆ ಮರಳುತ್ತದೆ. ಎರಡೂ ಕೆಲಸ ಒಂದೇ ಫ್ರೇಮಿಗೆ ಬೀಳದಂತೆ ಪಕ್ಕಪಕ್ಕದ ಫ್ರೇಮಿಗೆ ಹಂಚಿದ್ದಾರೆ. ಎರಡನೆಯದು ಒಂದು ಸುತ್ತಿಗೊಮ್ಮೆ ಏರುವ ಎಣಿಕೆ, 0ಯಿಂದ 7ರ ತನಕ ಹೋಗಿ ಮತ್ತೆ 0. ನೀರು ಯಾವ ಕಡೆ ಹೋಗಬೇಕು ಅಂತ ಹೇಳುವುದು ಈ ಎರಡನೆಯದೇ. ಹೂವಿನ ಯಾವ ಚಿತ್ರ ಅಂತ ಹೇಳುವುದೂ ಇದೇ.

ಹೂವಿಗೆ ಮೂರು ಚಿತ್ರ. ಎಣಿಕೆಯನ್ನು ನಾಲ್ಕರಿಂದ ಭಾಗಿಸಿ ಉಳಿದದ್ದು 0 ಅಥವಾ 1 ಆದರೆ ಮೊದಲನೇ ಚಿತ್ರ, 2 ಆದರೆ ಎರಡನೆಯದು, 3 ಆದರೆ ಮೂರನೆಯದು. ಅಂದರೆ ಮೊದಲ ಚಿತ್ರ ಎರಡು ಪಾಲು ಹೊತ್ತು, ಉಳಿದವು ಒಂದೊಂದು ಪಾಲು. ಗೇಮ್ ಬಾಯ್ ಸೆಕೆಂಡಿಗೆ ಸುಮಾರು 59.7 ಫ್ರೇಮ್ ಓಡುತ್ತದೆ, ಒಂದು ಪಾಲು 21 ಫ್ರೇಮ್, ಅಂದರೆ ಸುಮಾರು 0.35 ಸೆಕೆಂಡ್. ಹೂವು ಒಂದು ಸುತ್ತು ಬರಲು ಸುಮಾರು 1.4 ಸೆಕೆಂಡ್, ನೀರಿಗೆ 2.8. ನೀರು ಒಮ್ಮೆ ತೂಗಿ ಬರುವಷ್ಟರಲ್ಲಿ ಹೂವು ಸರಿಯಾಗಿ ಎರಡು ಸಲ ತಲೆಯಾಡಿಸಿರುತ್ತದೆ. ಆಟವನ್ನು ಇಡೀ ರಾತ್ರಿ ಹಚ್ಚಿಟ್ಟರೂ ಈ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಗಡಿಯಾರ ಒಂದೇ. ನೀರು ಒಂದು ರೀತಿ ಓದುತ್ತದೆ, ಹೂವು ಇನ್ನೊಂದು ರೀತಿ. ಗೋಡೆ ಗಡಿಯಾರ ಒಂದೇ, ಅದನ್ನು ನೋಡಿ ಅಜ್ಜಿ ಸಂಧ್ಯಾದೀಪ ಹಚ್ಚುತ್ತಾಳೆ, ಅಪ್ಪ ವಾರ್ತೆ ಹಾಕುತ್ತಾನೆ. ಅಜ್ಜಿ, ಅಪ್ಪ ಇಬ್ಬರೂ ಬೇರೆ ಬೇರೆ ವಾಚ್ ಕಟ್ಟಿಲ್ಲ.

ಒಂದು ತಮಾಷೆ ಹೇಳಲೇಬೇಕು. ಗುಹೆಯಂಥ ಜಾಗಗಳಲ್ಲಿ ಹೂವು ಇಲ್ಲ. ಅಲ್ಲಿ ಎಣಿಕೆ 21ರ ತನಕ ಹೋಗುವುದಿಲ್ಲ, 20ಕ್ಕೇ ಸೊನ್ನೆ. ಹಾಗಾಗಿ ಗುಹೆಯ ನೀರು 160 ಫ್ರೇಮಿಗೆ ಒಂದು ಸುತ್ತು, ಬಯಲಿನ ನೀರು 168 ಫ್ರೇಮಿಗೆ. ಹೂವಿಲ್ಲದ ಕಡೆ ನೀರು ಒಂಚೂರು ಚುರುಕು! ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ವ್ಯತ್ಯಾಸ, ಆದರೆ ಗೊತ್ತಾದ ದಿನ ನನಗೆ ಊಟ ರುಚಿಸಿತು.

ಮೂರು ವರ್ಷ ಬಿಟ್ಟು 1999ರಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳ ಹೊತ್ತಿಗೆ ಅಲ್ಲಾಡುವ ಟೈಲ್‌ಗಳು ಹೆಚ್ಚಾಗಿದ್ದವು. ಎಲ್ಲವನ್ನೂ ಒಂದೇ ಫ್ರೇಮಿನಲ್ಲಿ ಮಾಡಿದರೆ ಆ ಸಣ್ಣ ಬಿಡುವು ಸಾಲದು. ಅದಕ್ಕೆ ಒಂದೊಂದು ಬಗೆಯ ಜಾಗಕ್ಕೂ ಒಂದು ಸರದಿ ಪಟ್ಟಿ ಮಾಡಿದರು. ಪಟ್ಟಿಯ ಮೊದಲ ಸಾಲಿನಲ್ಲಿ ನೀರು, ಇನ್ನೊಂದು ಸಾಲಿನಲ್ಲಿ ಹೂವು, ಮಧ್ಯೆ "ಸುಮ್ಮನಿರು" ಎಂಬ ಸಾಲುಗಳು. ಒಂದು ಫ್ರೇಮಿಗೆ ಒಂದೇ ಸಾಲು. ನಮ್ಮ ಏರಿಯಾದಲ್ಲಿ ಇವತ್ತು ಈ ಕ್ರಾಸಿಗೆ, ನಾಳೆ ಆ ಕ್ರಾಸಿಗೆ ಅಂತ ನೀರು ಬಿಡುವುದಿಲ್ಲವೇ, ಅದೇ ಪದ್ಧತಿ. ನೀರನ್ನು ತಳ್ಳುವ ಬದಲು ನಾಲ್ಕು ಚಿತ್ರ ಸಿದ್ಧವಾಗಿ ಇಟ್ಟುಕೊಂಡರು. ಯಾವ ಚಿತ್ರ ಅಂತ ಹೇಳಲು ಮಾತ್ರ ಮತ್ತೆ ಎಲ್ಲರಿಗೂ ಸೇರಿ ಒಂದೇ ಎಣಿಕೆ, 0ಯಿಂದ 7, ಎರಡು ಹೆಜ್ಜೆಗೊಮ್ಮೆ ನೀರಿನ ಚಿತ್ರ ಬದಲು.

ಇಲ್ಲಿಯವರೆಗೆ ನೀರು ಹರಿಯುವ, ಅಂದರೆ ಪುಟ್ಟಿ ಹೇಳಿದ ಬಟ್ಟೆ ಹರಿಯುವ, ಪ್ರಶ್ನೆಯೇ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ಚಿತ್ರ ಇರುವುದೇ ಒಂದು ಅಂದಮೇಲೆ ಎರಡು ಟೈಲ್ ಬೇರೆ ಬೇರೆ ಹೇಗಾಗುತ್ತವೆ? ತೊಂದರೆ ಶುರುವಾದದ್ದು ನಮ್ಮ ಯಂತ್ರಗಳು ಶ್ರೀಮಂತವಾದ ಮೇಲೆ. ಒಂದೊಂದು ಟೈಲನ್ನೂ ಪ್ರತಿ ಫ್ರೇಮಿಗೆ ಹೊಸದಾಗಿ ಬರೆಯುವ ತಾಕತ್ತು ಬಂತು. ಒಂದೊಂದು ಟೈಲಿಗೂ ಅದರದ್ದೇ ವಾಚ್ ಕಟ್ಟುವ ಸೌಕರ್ಯವೂ ಬಂತು. ಕಟ್ಟಿದೆವು, ಕೆಟ್ಟೆವು.

ಈಗ ಬಹಳ ಜನ ನಕ್ಷೆ ಬಿಡಿಸಲು ಬಳಸುವ ಸಾಫ್ಟ್‌ವೇರ್ ಟೈಲ್ಡ್. ಥಾರ್ಬ್ಯೋರ್ನ್ ಲಿಂಡೈಯರ್ ಎಂಬವರು ಮಾಡಿದ್ದು, ಉಚಿತ. 2014ರ 0.10 ಆವೃತ್ತಿಯಲ್ಲಿ ಅದಕ್ಕೆ ಅಲ್ಲಾಡುವ ಟೈಲ್ ಮಾಡುವ ಕಿಟಕಿ ಸೇರಿತು. ಪುಟ್ಟಿಯ ಕೆರೆ ಅದರ ಕಡತದಲ್ಲಿ ಹೀಗಿತ್ತು:

```
<tile id="20">
 <animation>
  <frame tileid="20" duration="500"/>
  <frame tileid="21" duration="250"/>
  <frame tileid="22" duration="250"/>
 </animation>
</tile>
```

ಮಾರಿಯೋದಲ್ಲಿ ಮೂರು ಸಲ ಬರೆದು ಹೇಳಿದ್ದನ್ನು ಇಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ನೇರವಾಗಿ ಹೇಳಿದ್ದಾರೆ. ಮೊದಲ ಚಿತ್ರ ಅರ್ಧ ಸೆಕೆಂಡ್, ಉಳಿದೆರಡು ಕಾಲು ಕಾಲು ಸೆಕೆಂಡ್. ಚೆನ್ನಾಗಿದೆ. ಆದರೆ ಈ ಕಡತ ಒಂದು ವಿಷಯ ಹೇಳುವುದೇ ಇಲ್ಲ, ಯಾವಾಗಿನಿಂದ ಎಣಿಸಬೇಕು ಅಂತ. ಅದನ್ನು ಕಡತ ಓದುವ ಪ್ರೋಗ್ರಾಮ್ ತೀರ್ಮಾನಿಸಬೇಕು. ಪುಟ್ಟಿಯ ಪ್ರೋಗ್ರಾಮ್ ತೀರ್ಮಾನಿಸಿದ್ದು ಹೀಗೆ, ಪ್ರತಿಯೊಂದು ಟೈಲಿನ ಒಳಗೂ:

```
self.t += dt
if self.t >= self.dur[self.i]:
    self.t = 0
    self.i = (self.i + 1) % len(self.dur)
```

ಓದಿದರೆ ತಪ್ಪೇ ಕಾಣುವುದಿಲ್ಲ. ನಾನೂ ಒಂದು ಕಾಲದಲ್ಲಿ ಹೀಗೇ ಬರೆದವನು. ಇದರಲ್ಲಿ ಎರಡು ತೊಂದರೆಗಳಿವೆ, ಒಂದು ಕಣ್ಣಿಗೆ ಹೊಡೆಯುವಂಥದ್ದು, ಇನ್ನೊಂದು ನಿಧಾನ ವಿಷ.

ಕಣ್ಣಿಗೆ ಹೊಡೆಯುವುದು ಮೊದಲು. ಅವಳ ನಕ್ಷೆ ದೊಡ್ಡದು, ಒಂದೇ ಸಲ ತುಂಬಿಸುವುದಿಲ್ಲ. ಹುಡುಗ ನಡೆದ ಹಾಗೆ ಮುಂದಿನ ಸಾಲಿನ ಟೈಲ್‌ಗಳು ಹೊಸದಾಗಿ ಹುಟ್ಟುತ್ತವೆ. ಹುಟ್ಟಿದ ಟೈಲಿನ `t` ಸೊನ್ನೆ. ಗೇಮ್ ಶುರುವಾಗಿ 1.3 ಸೆಕೆಂಡಿಗೆ ಹೊಸ ಸಾಲು ಬಂತು ಅಂದುಕೊಳ್ಳಿ. ಹಳೇ ನೀರಿನ ಸುತ್ತು 1000 ಮಿಲಿಸೆಕೆಂಡ್, ಅದು ಎರಡನೇ ಸುತ್ತಿನಲ್ಲಿ 300 ದಾಟಿದೆ. ಹೊಸ ನೀರು 0ಯಲ್ಲಿದೆ. ಸದ್ಯಕ್ಕೆ ಎರಡರಲ್ಲೂ ಮೊದಲ ಚಿತ್ರವೇ. ಇನ್ನು 200 ಮಿಲಿಸೆಕೆಂಡ್ ಆದ ಮೇಲೆ ಹಳೇ ನೀರು ಎರಡನೇ ಚಿತ್ರಕ್ಕೆ ಹೋಗುತ್ತದೆ, ಹೊಸದು ಇನ್ನೂ ಮೊದಲನೆಯದರಲ್ಲೇ ನಿಂತಿರುತ್ತದೆ. ಆಮೇಲೆ ಆ 300ರ ಅಂತರ ಎಂದೂ ಮುಚ್ಚುವುದಿಲ್ಲ. ನಾನು ಕಾಗದದ ಮೇಲೆ ಎರಡು ಪಟ್ಟಿ ಬರೆದು ಒಂದರ ಕೆಳಗೆ ಒಂದು ಸರಿಸಿ ತೋರಿಸಿದೆ. ಪ್ರತಿ ಸೆಕೆಂಡಿನಲ್ಲಿ 200 ಮಿಲಿಸೆಕೆಂಡ್ ಮಾತ್ರ ಎರಡೂ ಒಂದೇ ಚಿತ್ರ ತೋರಿಸುತ್ತವೆ, ಉಳಿದ 800 ಬೇರೆ ಬೇರೆ. ಅದೇ ಆ ಗೆರೆ. ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ಹುಡುಗ ಎಷ್ಟು ಬೇಗ ನಡೆದ ಅನ್ನುವುದರ ಮೇಲೆ. ಅದಕ್ಕೇ ಅವಳು ಪ್ರತಿ ಸಲ ಗೇಮ್ ಹಚ್ಚಿದಾಗಲೂ ಗೆರೆ ಬೇರೆ ಕಡೆ. ಚಿತ್ರದ ತಪ್ಪಾಗಿದ್ದರೆ ಗೆರೆ ಪ್ರತಿ ಸಲ ಅದೇ ಜಾಗದಲ್ಲಿ ಬರಬೇಕಿತ್ತು. "ಹೌದಲ್ವಾ!" ಅಂದಳು. ಅಲ್ಲಿಗೆ ಮುಖ ಸ್ವಲ್ಪ ಅರಳಿತು.

ಈಗ ನಿಧಾನ ವಿಷ. ಅವಧಿ ದಾಟಿದ ಕೂಡಲೇ `t = 0` ಅಂತ ಮಾಡಿದ್ದಾಳಲ್ಲ, ದಾಟಿ ಹೆಚ್ಚಾದದ್ದನ್ನು ಎಸೆದುಬಿಟ್ಟಿದ್ದಾಳೆ. ಅವಳ ಗೇಮ್‌ನಲ್ಲಿ ಒಂದು ಫ್ರೇಮಿಗೆ 17 ಮಿಲಿಸೆಕೆಂಡ್ ಅನ್ನೋಣ. ಕೆರೆಯ 500 ದಾಟಲು 30 ಫ್ರೇಮ್, ಅಂದರೆ 510. 250 ದಾಟಲು 15 ಫ್ರೇಮ್. ಒಟ್ಟು ಸುತ್ತಿಗೆ 60 ಫ್ರೇಮ್. ಕಾಲುವೆಗೆ ಅವಳು 125ರ ನಾಲ್ಕು ಚಿತ್ರ ಕೊಟ್ಟಿದ್ದಳು, ಕೆರೆ ಒಂದು ಸುತ್ತು ಬರುವಾಗ ಕಾಲುವೆ ಸರಿಯಾಗಿ ಎರಡು ಸುತ್ತು ಬರಲಿ ಅಂತ. ತೂಬಿನ ಬಾಯಲ್ಲಿ ಎರಡೂ ನೀರು ಸೇರುವ ಕಡೆ ನೊರೆ ಹೊಂದಬೇಕಲ್ಲ. ಆದರೆ 125 ದಾಟಲು 8 ಫ್ರೇಮ್ ಬೇಕು, ಅದು 136. ನಾಲ್ಕು ಚಿತ್ರಕ್ಕೆ 32 ಫ್ರೇಮ್. 30 ಆಗಬೇಕಿದ್ದದ್ದು 32 ಆಯಿತು. ಕೆರೆ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ, ಅಂದರೆ 240 ಫ್ರೇಮಿನಲ್ಲಿ, ಕಾಲುವೆ ಎಂಟು ಸುತ್ತಿನ ಬದಲು ಏಳೂವರೆ ಸುತ್ತು ಬಂದಿರುತ್ತದೆ. ನಾಲ್ಕು ಸೆಕೆಂಡಿಗೇ ಅರ್ಧ ಸುತ್ತು ಹಿಂದೆ! ಕೆರೆಯಿಂದ ನೊರೆ ಹೊರಡುವಾಗ ಕಾಲುವೆಯಲ್ಲಿ ಇಳಿತ. ಇದರ ಗುರುತು ಏನೆಂದರೆ, ಗೇಮ್ ಹಚ್ಚಿದ ಮೊದಲ ಕ್ಷಣದಲ್ಲಿ ಎಲ್ಲಾ ಸರಿಯಾಗಿ ಕಾಣುತ್ತದೆ, ನೋಡನೋಡುತ್ತಾ ಹಾಳಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಸರಿಯಾಗುತ್ತದೆ. ಹಚ್ಚಿದ ತಕ್ಷಣ ನೋಡಿ "ಸರಿ ಇದೆಯಲ್ಲಾ" ಅನ್ನುವ ನನ್ನಂಥವರಿಗೆ ಇದು ಸಿಗುವುದೇ ಇಲ್ಲ.

ಎಸೆಯುವ ಬದಲು `t -= dur` ಅಂತ ಉಳಿಸಿಕೊಂಡರೆ ಎರಡನೇ ತೊಂದರೆ ಹೋಗುತ್ತದೆ, ಮೊದಲನೆಯದು ಹೋಗುವುದಿಲ್ಲ. ಎರಡೂ ಹೋಗಬೇಕಾದರೆ ಟೈಲಿನ ಕೈಯಿಂದ ವಾಚ್ ಬಿಚ್ಚಬೇಕು. ಗೇಮ್ ಬಾಯ್‌ನ ಗೋಡೆ ಗಡಿಯಾರಕ್ಕೆ ವಾಪಸ್.

```
def frame_at(frames, total, now):
    t = now % total
    for tile, dur in frames:
        if t < dur:
            return tile
        t -= dur
```

`now` ಅನ್ನುವುದು ಇಡೀ ಗೇಮ್‌ಗೆ ಒಂದೇ, ಪೂರ್ಣಾಂಕ ಮಿಲಿಸೆಕೆಂಡ್. ಒಂದು ಉದಾಹರಣೆ ಹಾಕಿ ನೋಡಿದೆವು. ಗಡಿಯಾರ 12840 ತೋರಿಸುತ್ತಿದೆ. ಕೆರೆಯ ಸುತ್ತು 1000, ಉಳಿದದ್ದು 840. 500 ಕಳೆದರೆ 340, ಅದರಲ್ಲಿ 250 ಕಳೆದರೆ 90. 90 ಅನ್ನುವುದು 250ಕ್ಕಿಂತ ಕಡಿಮೆ, ಹಾಗಾದರೆ ಮೂರನೇ ಚಿತ್ರ. ಕಾಲುವೆಯ ಸುತ್ತು 500, ಉಳಿದದ್ದು 340, ಎರಡು ಸಲ 125 ಕಳೆದರೆ 90, ಮೂರನೇ ಚಿತ್ರ. ಟೈಲ್ ಈಗ ಹುಟ್ಟಿದ್ದರೂ ಅಷ್ಟೇ, ಗಂಟೆ ಹಿಂದೆ ಹುಟ್ಟಿದ್ದರೂ ಅಷ್ಟೇ. ನೆನಪಿಟ್ಟುಕೊಳ್ಳಲು ಏನೂ ಇಲ್ಲದ ಮೇಲೆ ತಪ್ಪಾಗಿ ನೆನಪಿಟ್ಟುಕೊಳ್ಳುವುದೂ ಇಲ್ಲ. ಇನ್ನೂ ಒಂದು ಲಾಭ, ಈ ಲೆಕ್ಕವನ್ನು ಪರದೆಯ 300 ಟೈಲಿಗೂ ಮಾಡಬೇಕಿಲ್ಲ. ಕೆರೆಗೆ ಒಂದು ಸಲ, ಕಾಲುವೆಗೆ ಒಂದು ಸಲ, ಪ್ರತಿ ಫ್ರೇಮಿಗೆ ಎರಡೇ ಲೆಕ್ಕ.

ಅಂದ ಹಾಗೆ ಜಾವಾದಲ್ಲಿ ಗೇಮ್ ಮಾಡುವವರು ಬಳಸುವ ಲಿಬ್‌ಜಿಡಿಎಕ್ಸ್ ಕೂಡ ಹೀಗೇ ಮಾಡುತ್ತದೆ, ಎಲ್ಲಾ ಟೈಲಿಗೂ ಒಂದೇ ಗಡಿಯಾರ. ಅದರ ಕೋಡಿನಲ್ಲಿ `<` ಇರಬೇಕಾದ ಕಡೆ `<=` ಇರುವುದನ್ನು ಕಂಡಿದ್ದೇನೆ. ಅದರಿಂದ ಮೊದಲ ಚಿತ್ರಕ್ಕೆ ಒಂದು ಮಿಲಿಸೆಕೆಂಡ್ ಹೆಚ್ಚು ಸಿಕ್ಕಿ ಕೊನೆಯದಕ್ಕೆ ಒಂದು ಕಡಿಮೆಯಾಗುತ್ತದೆ. ಯಾರಿಗೂ ಕಾಣುವುದಿಲ್ಲ ಬಿಡಿ, ಗುಹೆಯ ನೀರಿನ ಹಾಗೆ. ಆದರೆ ಇನ್ನೊಂದು ವಿಷಯ ಕಾಣುತ್ತದೆ. ಅದು ನೋಡುವುದು ಕಂಪ್ಯೂಟರಿನ ನಿಜವಾದ ಗಡಿಯಾರವನ್ನು. ಗೇಮ್ ನಿಲ್ಲಿಸಿ ಮೆನು ತೆಗೆದರೂ ಹಿಂದೆ ನೀರು ಅಲ್ಲಾಡುತ್ತಲೇ ಇರುತ್ತದೆ, ಹುಡುಗ ಮಾತ್ರ ಕಲ್ಲಾಗಿ ನಿಂತಿರುತ್ತಾನೆ. ಅದಕ್ಕೆ ನಾವು `now` ಅನ್ನು ನಾವೇ ಕೂಡಿಸಿಕೊಂಡೆವು, ಗೇಮ್ ನಿಂತಾಗ ಕೂಡಿಸುವುದಿಲ್ಲ. ಪೋಕೆಮಾನ್‌ನಲ್ಲೂ ಮೆನು ತೆಗೆದಾಗ ನೀರನ್ನು ನಿಲ್ಲಿಸುವ ಒಂದು ಸ್ವಿಚ್ಚಿದೆ.

ಇಷ್ಟಾದ ಮೇಲೆ ಗೆರೆ ಹೋಯಿತು, ಆದರೆ ಪುಟ್ಟಿಗೆ ಸಮಾಧಾನವಾಗಲಿಲ್ಲ. ಕೆರೆಯ ಬಿಸಿಲಿನ ಮಿಂಚೆಲ್ಲಾ ಒಟ್ಟಿಗೇ ಮಿಂಚುತ್ತಿದೆ, "ಸ್ಕೂಲ್ ಡ್ರಿಲ್ ಥರ ಇದೆ ಮಾಮ" ಅಂದಳು. ಹಳೇ ಆಟಗಳಲ್ಲಿ ನಾವು ಸಹಿಸಿಕೊಂಡದ್ದು ಇವರಿಗೆ ಸಹ್ಯವಲ್ಲ. ಅವಳ ಮಾತಲ್ಲಿ ಹುರುಳಿದೆ. 2023ರಲ್ಲಿ ಬಂದ ಗೋಡೋ 4ರಲ್ಲಿ ಇದಕ್ಕೇ ಅಂತ ಒಂದು ಆಯ್ಕೆ ಇದೆ, ಟೈಲ್‌ಗಳು ಬೇರೆ ಬೇರೆ ಹೊತ್ತಿಗೆ ಶುರುವಾಗಲಿ ಅಂತ. ನಾವು ಮಾಡಿದ್ದು ಇನ್ನೂ ಸರಳ. ನಕ್ಷೆಯಲ್ಲಿ ಟೈಲ್ ಇರುವ ಜಾಗದಿಂದ ಒಂದು ಸಂಖ್ಯೆ ಮಾಡಿ `now`ಗೆ ಕೂಡಿಸಿದೆವು:

```
now + (x * 370 + y * 610) % total
```

370, 610 ಏನೂ ಪವಿತ್ರ ಸಂಖ್ಯೆಗಳಲ್ಲ, ಸಾಲು ಸಾಲಾಗಿ ಅಲೆ ಎದ್ದ ಹಾಗೆ ಕಾಣದಿದ್ದರೆ ಸಾಕು. ಇದು ಮತ್ತೆ ಒಂದೊಂದು ಟೈಲಿಗೆ ಒಂದೊಂದು ವಾಚ್ ಕಟ್ಟಿದ ಹಾಗಾಗಲಿಲ್ಲವೇ ಅಂತ ಕೇಳಬಹುದು. ಇಲ್ಲ, ಗಡಿಯಾರ ಒಂದೇ, ವ್ಯತ್ಯಾಸ ಮಾತ್ರ ಬೇರೆ. ಆ ವ್ಯತ್ಯಾಸ ಹುಟ್ಟಿದ್ದು ಜಾಗದಿಂದ, ಹುಟ್ಟಿದ ಹೊತ್ತಿನಿಂದ ಅಲ್ಲ. ಹುಡುಗ ಆಚೆ ಹೋಗಿ ವಾಪಸ್ ಬಂದರೂ ಆ ಟೈಲ್ ತನ್ನ ಲೆಕ್ಕದಲ್ಲೇ ಇರುತ್ತದೆ.

ಇದನ್ನು ಎಲ್ಲ ನೀರಿಗೂ ಹಾಕುವಂತಿಲ್ಲ. ಪುಟ್ಟಿ ಉತ್ಸಾಹದಲ್ಲಿ ಕಾಲುವೆಗೂ ಹಾಕಿದಳು, ಹಳೇ ತೇಪೆ ಕೌದಿ ಮರಳಿ ಬಂತು. ಕಾಲುವೆಯ ಚಿತ್ರದಲ್ಲಿ ನೀರಿನ ಎಳೆಗಳು ಒಂದು ಟೈಲಿನ ಅಂಚು ದಾಟಿ ಪಕ್ಕದ ಟೈಲಿಗೆ ಹೋಗುತ್ತವೆ. ಅಂಥ ಟೈಲ್‌ಗಳು ಒಂದೇ ಹೆಜ್ಜೆಯಲ್ಲಿ ನಡೆಯಲೇಬೇಕು. ಕೆರೆಯ ಮಿಂಚು ಟೈಲಿನ ಮಧ್ಯದಲ್ಲಿದೆ, ಅಂಚು ಮುಟ್ಟುವುದಿಲ್ಲ, ಅದು ಹೇಗೆ ಮಿಂಚಿದರೂ ನಡೆಯುತ್ತದೆ. ಹಾಗಾಗಿ ಚಿತ್ರದ ಅಂಚಿನ ಚುಕ್ಕಿಗಳು ಮೂರೂ ಫ್ರೇಮಿನಲ್ಲಿ ಬದಲಾಗದೆ ಇವೆಯಾ ಅಂತ ನೋಡಿ, ಇದ್ದರೆ ವ್ಯತ್ಯಾಸ ಹಾಕು, ಇಲ್ಲದಿದ್ದರೆ ಬೇಡ ಅಂತ ತೀರ್ಮಾನ ಮಾಡಿಕೊಂಡೆವು. ಕೆರೆಗೆ ಇಂತಿಷ್ಟು ಲೆಕ್ಕ ಹೆಚ್ಚಾಯಿತು, ಟೈಲಿಗೊಂದು. ಇವತ್ತಿನ ಯಂತ್ರಕ್ಕೆ ಅದು ಸಾಸಿವೆ ಕಾಳು.

ಮೊದಲು ಬಿಡಿಸಿದ್ದ ಕೆರೆಯ ಚಿತ್ರವನ್ನೇ ಅವಳು ಕಸದ ಬುಟ್ಟಿಯಿಂದ ವಾಪಸ್ ತಂದು ಹಾಕಿದಳು. ಮೂರನೆಯದಕ್ಕಿಂತ ಅದೇ ಚೆನ್ನಾಗಿತ್ತು. ಬಸ್ ಸ್ಟ್ಯಾಂಡ್ ಈಗ ಏರಿಯ ಆಚೆ, ಗದ್ದೆ ಮುಗಿಯುವ ಕಡೆ ಬಂದಿದೆ. ಕೋಡಿ ಬಿದ್ದ ನೀರಿಗೆ ಎಷ್ಟು ಇಡಬೇಕು ಮಾಮ, 125 ಸಾಕಾ, ಇನ್ನೂ ಜೋರು ಬೇಕಾ ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ. ಕೆರೆಯ 1000ಕ್ಕೆ ಸರಿಯಾಗಿ ಭಾಗ ಹೋಗುವ ಸಂಖ್ಯೆ ಇಡು, 100ರ ಐದು ಚಿತ್ರ ಆದರೆ ಎರಡು ಸುತ್ತು ಅಂತ ಹೇಳಿದ್ದೀನಿ. ಐದನೇ ಚಿತ್ರ ಯಾರು ಬಿಡಿಸೋದು ಅಂತ ಈಗ ಜಗಳ.